ತಳಪಾಯದಲ್ಲಿ ಅಡಗಿದ ಹಕ್ಕು



ಹಡ್ಸನ್ ನದಿಯ ಮೇಲಿನ ಜಾರ್ಜ್ ವಾಷಿಂಗ್ಟನ್ ಸೇತುವೆ 1931ರಲ್ಲಿ ಒಂದೇ ಅಂತಸ್ತಿನೊಡನೆ ಸಂಚಾರಕ್ಕೆ ತೆರೆಯಿತು. ಆದರೆ ಇನ್ನೊಂದು ಅಂತಸ್ತಿನ ಭಾರವನ್ನೂ ಹೊರುವಂತೆ ಅದನ್ನು ಮೊದಲೇ ರೂಪಿಸಲಾಗಿತ್ತು. ಕೆಳ ಅಂತಸ್ತು ಬಂದದ್ದು 1962ರಲ್ಲಿ. ಆ ಹೆಚ್ಚುವರಿ ಬಲಕ್ಕೆ ತೆತ್ತ ಹಣ ಒಂದು ಹಕ್ಕಿನ ಬೆಲೆ: ಬೇಕಾದಾಗ ವಿಸ್ತರಿಸಬಹುದು, ಬೇಡವಾದರೆ ಬಿಡಬಹುದು. ಇದಕ್ಕೆ ‘ರಿಯಲ್ ಆಪ್ಷನ್’ ಎಂದು ಹೆಸರು.

ಈ ಹಕ್ಕಿಗೆ ಬೆಲೆ ಕಟ್ಟುವುದು ಹೇಗೆ? ನಾವು ಒಂದು ಶಾಲಾ ಕಟ್ಟಡವನ್ನು ಊಹಿಸಿಕೊಳ್ಳೋಣ. ಮೇಲಂತಸ್ತನ್ನು ಹೊರಬಲ್ಲ ತಳಪಾಯಕ್ಕೆ ಇಂದು 5 ಲಕ್ಷ ರೂಪಾಯಿ ಹೆಚ್ಚು ಬೇಕು. ಐದು ವರ್ಷಗಳ ನಂತರ ಮಕ್ಕಳು ಹೆಚ್ಚಿದರೆ ಮೇಲಂತಸ್ತಿಗೆ 30 ಲಕ್ಷ ಸಾಕು. ಆ ತಳಪಾಯವಿಲ್ಲದಿದ್ದರೆ ಬೇರೆ ಕಟ್ಟಡಕ್ಕೆ 50 ಲಕ್ಷ ಬೇಕು. ಉಳಿತಾಯ 20 ಲಕ್ಷ. ಮಕ್ಕಳು ಹೆಚ್ಚುವ ಸಂಭವ ಅರ್ಧದಷ್ಟಿದ್ದರೆ ಅದರ ಸರಾಸರಿ 10 ಲಕ್ಷ. ವರ್ಷಕ್ಕೆ ಶೇಕಡಾ 10ರ ಬಡ್ಡಿಯಂತೆ ಐದು ವರ್ಷ ಹಿಂದಕ್ಕೆ ಎಣಿಸಿದರೆ ಇಂದಿನ ಮೌಲ್ಯ ಸುಮಾರು 6.2 ಲಕ್ಷ. 5 ಲಕ್ಷ ತೆರುವುದು ಲಾಭಕರ. ಸಂಭವ ಶೇಕಡಾ 30ಕ್ಕೆ ಇಳಿದರೆ ಮೌಲ್ಯ 3.7 ಲಕ್ಷ ಮಾತ್ರ. ಆಗ ಸಾಧಾರಣ ತಳಪಾಯವೇ ಲೇಸು. ಸುಮಾರು ಶೇಕಡಾ 40 ಇವೆರಡರ ಗಡಿ.

ಆ ಸಂಭವವನ್ನು ಲೆಕ್ಕ ಹೇಳಿಕೊಡದು. ದಾಖಲಾತಿ ಪುಸ್ತಕವನ್ನು ನೋಡಿ ನಾವೇ ಅಂದಾಜಿಸಬೇಕು. ಬಯಕೆಯೇ ಅಂದಾಜಾದರೆ ಲೆಕ್ಕ ಯಾವ ಖರ್ಚನ್ನಾದರೂ ಸಮರ್ಥಿಸೀತು. ತಳಪಾಯ ಹಾಕಿದ್ದೇವೆಂಬ ಕಾರಣಕ್ಕೇ ಮೇಲಂತಸ್ತು ಕಟ್ಟಿದರೆ ಹಕ್ಕು ಹೊಣೆಯಾಗುತ್ತದೆ. ಆದುದರಿಂದ ಎಷ್ಟು ಮಕ್ಕಳಾದರೆ ಕಟ್ಟುವೆವು ಎಂಬುದನ್ನು ತಳಪಾಯದ ದಿನವೇ ಬರೆದಿಡೋಣ.