ಊಟ ಬಿಟ್ಟ ದಿನದ ಇನ್ಸುಲಿನ್

ಇಂದು ಶುಶ್ರೂಷಾ ಪದವಿ ಪಡೆಯುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳೇ,

ನಿಮಗೆ ಬರಲಿರುವ ಒಂದು ಫೋನ್ ಕರೆಯ ಬಗ್ಗೆ ಮಾತ್ರ ನಾನಿಂದು ಮಾತಾಡುತ್ತೇನೆ. ಅದು ಆಸ್ಪತ್ರೆಯಿಂದ ಬರುವ ಕರೆಯಲ್ಲ, ಊರಿನಿಂದ ಬರುವುದು. ರಾತ್ರಿ ಒಂಬತ್ತೂವರೆಗೆ ಚಿಕ್ಕಮ್ಮನೋ ಪಕ್ಕದ ಮನೆಯ ಅಣ್ಣನೋ ಕೇಳುತ್ತಾರೆ: "ನೀನು ನರ್ಸಿಂಗ್ ಓದಿದ್ದೀಯಲ್ಲಮ್ಮ, ನಮ್ಮಮ್ಮನಿಗೆ ಜ್ವರ. ಎರಡು ಸಲ ವಾಂತಿ ಆಯ್ತು, ಹೊಟ್ಟೆಗೆ ಏನೂ ಇಲ್ಲ. ಶುಗರ್ ಇಂಜೆಕ್ಷನ್ ಕೊಡೋದಾ, ಬೇಡ್ವಾ?" ಡಾಕ್ಟರಿಗೆ ಫೋನ್ ಮಾಡಲು ಹಿಂಜರಿಯುವವರು ನಿಮಗೆ ಮಾಡುತ್ತಾರೆ. ಆ ಕರೆಗೆ ಸರಿಯಾದ ಉತ್ತರ ಸಿಗದ ಒಂದು ಮನೆಯನ್ನು ನಾನು ಬಲ್ಲೆ.

ತಿಪಟೂರಿನ ಕಡೆಯ ತೆಂಗಿನ ತೋಟದ ಮನೆ. ಐವತ್ತೆಂಟು ವರ್ಷದ ತಾಯಿ, ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಎರಡೂ ಸೇರಿದ ಮಾತ್ರೆ ದಿನಕ್ಕೆ ಎರಡು ಸಲ, ಬೆಳಿಗ್ಗೆ ಡಪಾಗ್ಲಿಫ್ಲೋಜಿನ್, ರಾತ್ರಿ ಹದಿನಾರು ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್, ಬಿಪಿಗೆ ಟೆಲ್ಮಿಸಾರ್ಟನ್ ಜೊತೆ ಮೂತ್ರ ಹೆಚ್ಚಿಸುವ ಔಷಧಿ ಸೇರಿದ ಇನ್ನೊಂದು ಮಾತ್ರೆ. ಜ್ವರ, ವಾಂತಿ ಶುರುವಾಯಿತು. ಊಟ ಇಲ್ಲವಲ್ಲ ಎಂದು ಮನೆಯವರು ಇನ್ಸುಲಿನ್ ನಿಲ್ಲಿಸಿದರು. ಮಾತ್ರೆಯಾದರೂ ಹೋಗಲಿ ಎಂದು ಮಾತ್ರೆಗಳನ್ನೆಲ್ಲ ನೀರಿನ ಜೊತೆ ನುಂಗಿಸಿದರು. ಎರಡು ದಿನ ಹೀಗೇ ನಡೆಯಿತು. ಮೂರನೇ ದಿನ ನಮ್ಮಲ್ಲಿಗೆ ಕರೆತಂದಾಗ ಆಕೆಯ ಸಕ್ಕರೆ 198. ಅಂಕಿ ನೋಡಿ ಪಾಳಿಯಲ್ಲಿದ್ದ ನಮಗೆಲ್ಲ ಸಮಾಧಾನವಾಯಿತು. ವಾಂತಿ, ಹೊಟ್ಟೆನೋವು, ಸಕ್ಕರೆ ಇನ್ನೂರರೊಳಗೆ, ಹೊಟ್ಟೆಯ ಸೋಂಕೇ ಇರಬೇಕು ಎಂದುಕೊಂಡೆವು. ಆದರೆ ಆಕೆ ಓಡಿ ಬಂದವರ ಹಾಗೆ ಆಳವಾಗಿ, ಬಿಡುವಿಲ್ಲದೆ ಉಸಿರಾಡುತ್ತಿದ್ದರು. ಅದನ್ನು ಮೊದಲು ಗಮನಿಸಿದ್ದು ವಾರ್ಡಿನ ಸಿಸ್ಟರ್. ಅವರೇ ಕೀಟೋನ್ ನೋಡಿಸಿದರು. ರಕ್ತದಲ್ಲಿ 5.2 ಇತ್ತು. 0.6ರ ಕೆಳಗೆ ಇರಬೇಕಾದದ್ದು. 3 ದಾಟಿದರೆ ತುರ್ತು.

ಆ ಮನೆಯವರು ಮಾಡಿದ್ದು ತಲೆಕೆಳಗಾಗಿತ್ತು. ನಿಲ್ಲಿಸಬಾರದ್ದನ್ನು ನಿಲ್ಲಿಸಿ, ನಿಲ್ಲಿಸಬೇಕಾದದ್ದನ್ನು ಕೊಟ್ಟರು. ಪ್ರೀತಿಯಿಂದಲೇ ಮಾಡಿದರು. ಹೇಳಿಕೊಡಬೇಕಾಗಿದ್ದ ನಾವು ಯಾರೂ ಹೇಳಿರಲಿಲ್ಲ.

ಇನ್ಸುಲಿನ್ ಊಟ ಅರಗಿಸುವ ಔಷಧಿ ಎಂದು ನಮ್ಮ ಜನ ತಿಳಿದಿದ್ದಾರೆ, ತಪ್ಪಾಗುವುದು ಇಲ್ಲೇ. ನಾವು ಉಪವಾಸವಿದ್ದರೂ ಯಕೃತ್ತು ಹಗಲೂ ರಾತ್ರಿ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಜ್ವರ ಬಂದಾಗ ದೇಹ ಅಡ್ರಿನಲಿನ್, ಕಾರ್ಟಿಸಾಲ್, ಗ್ಲುಕಗಾನ್‌ಗಳನ್ನು ಹೆಚ್ಚು ಸುರಿಸುತ್ತದೆ; ಅವು ಯಕೃತ್ತಿಗೆ ಇನ್ನಷ್ಟು ಮಾಡು ಎನ್ನುತ್ತವೆ, ಇನ್ಸುಲಿನ್ನಿನ ಕೆಲಸಕ್ಕೂ ಅಡ್ಡ ನಿಲ್ಲುತ್ತವೆ. ಹಾಗಾಗಿ ಒಂದು ತುತ್ತೂ ತಿನ್ನದವರ ಸಕ್ಕರೆ 300 ಆಗಬಹುದು. ಇನ್ಸುಲಿನ್ ತೀರ ಕಡಿಮೆಯಾದರೆ ದೇಹ ಕೊಬ್ಬನ್ನು ಒಡೆಯಲು ತೊಡಗುತ್ತದೆ. ಅದರಿಂದ ಹುಟ್ಟುವ ಕೀಟೋನ್ ರಕ್ತವನ್ನು ಆಮ್ಲವಾಗಿಸುತ್ತದೆ. ಆ ಆಮ್ಲವೇ ಮತ್ತೆ ವಾಂತಿ ತರಿಸುತ್ತದೆ. ಮನೆಯವರು ಕಾಣುವುದು ವಾಂತಿಯನ್ನು ಮಾತ್ರ. ಆದ್ದರಿಂದ ರಾತ್ರಿಯ ದೀರ್ಘಾವಧಿ ಇನ್ಸುಲಿನ್ ಪೂರ್ತಿ ನಿಲ್ಲಿಸುವಂತಿಲ್ಲ. ಏನೂ ತಿನ್ನದೆ ಸಕ್ಕರೆ 110ರ ಆಸುಪಾಸಿನಲ್ಲಿದ್ದರೆ ಡಾಕ್ಟರನ್ನು ಕೇಳಿ ಐದನೇ ಒಂದು ಭಾಗದಷ್ಟು ಕಡಿಮೆ ಮಾಡುವುದುಂಟು. ಕಡಿಮೆ ಮಾಡುವುದು ಬೇರೆ, ಬಿಡುವುದು ಬೇರೆ. ಊಟಕ್ಕೆ ಮುಂಚೆ ಹಾಕುವ ಇನ್ಸುಲಿನ್ ಮಾತ್ರ ಊಟಕ್ಕೂ ಆ ಹೊತ್ತಿನ ಅಂಕಿಗೂ ತಕ್ಕಂತೆ ಬದಲಾಗುತ್ತದೆ. ಬಿಳಿಯಾಗಿ ಕಾಣುವ, ಎರಡು ಬಗೆ ಬೆರೆಸಿದ ಇನ್ಸುಲಿನ್ನಿನಲ್ಲಿ ಊಟದ ಪಾಲೂ ಇರುವುದರಿಂದ ಅದರ ಪ್ರಮಾಣವನ್ನು ಅಂಕಿ ಹೇಳಿ ಡಾಕ್ಟರಿಂದಲೇ ಕೇಳಿಕೊಳ್ಳಬೇಕು.

ಇನ್ನು ಮಾತ್ರೆಗಳು. ಆಕೆಯ ಸಕ್ಕರೆ 198ಕ್ಕೆ ನಿಂತದ್ದು ಡಪಾಗ್ಲಿಫ್ಲೋಜಿನ್‌ನಿಂದ. ಹೆಸರಿನ ಕೊನೆಯಲ್ಲಿ 'ಗ್ಲಿಫ್ಲೋಜಿನ್' ಎಂದಿರುವ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಹೃದಯಕ್ಕೆ, ಮೂತ್ರಪಿಂಡಕ್ಕೆ ಒಳ್ಳೆಯ ಔಷಧಿಗಳು; ನಾನೂ ಬರೆಯುತ್ತೇನೆ. ಆದರೆ ಊಟವಿಲ್ಲದೆ ವಾಂತಿಯಾಗುವ ದಿನ ಅವು ಮೂತ್ರದ ಜೊತೆ ನೀರನ್ನೂ ಕಳೆಯುತ್ತವೆ, ಕೀಟೋನನ್ನೂ ಏರಿಸುತ್ತವೆ, ಗ್ಲುಕೋಮೀಟರಿನ ಅಂಕಿಯನ್ನು ಮಾತ್ರ ತಗ್ಗಿಸಿಡುತ್ತವೆ. ರಕ್ತ ಆಮ್ಲವಾಗಿದ್ದರೂ ಸಕ್ಕರೆ 250ರ ಕೆಳಗೇ ಇರಬಹುದು. ಈ ಮಾತ್ರೆ ತೆಗೆದುಕೊಳ್ಳುವವರಿಗೆ ವಾಂತಿ ಶುರುವಾದರೆ ಮಾತ್ರೆ ಅಂದೇ ನಿಲ್ಲಬೇಕು. ಸಕ್ಕರೆ 160 ಇದ್ದರೂ ಕೀಟೋನ್ ನೋಡಿಸಲೇಬೇಕು. ನಿಲ್ಲಿಸಿದ ಮೇಲೂ ಅದರ ಪರಿಣಾಮ ಕೆಲವು ದಿನ ಉಳಿಯುವುದರಿಂದ 'ನಿನ್ನೆಯೇ ಬಿಟ್ಟಿದ್ದೇವೆ' ಎಂಬ ಮಾತಿಗೆ ನೀವು ಸಮಾಧಾನಗೊಳ್ಳಬೇಡಿ.

ಮೆಟ್‌ಫಾರ್ಮಿನ್ ಮೂತ್ರಪಿಂಡದ ಮೂಲಕ ಹೊರಹೋಗುವ ಔಷಧಿ. ನೀರು ಬತ್ತಿ ಮೂತ್ರಪಿಂಡ ಸೊರಗಿದಾಗ ಅದು ಒಳಗೇ ಉಳಿದು ಲ್ಯಾಕ್ಟಿಕ್ ಆಮ್ಲ ಏರಬಹುದು. ಗ್ಲಿಮೆಪಿರೈಡ್‌ನ ಅಪಾಯ ಇದಕ್ಕೆ ತದ್ವಿರುದ್ಧ: ಊಟವಿಲ್ಲದಿದ್ದರೂ ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ, ನಡುರಾತ್ರಿ ಸಕ್ಕರೆ ಕುಸಿಯಬಹುದು. ನಮ್ಮಲ್ಲಿ ಇವೆರಡೂ ಹೆಚ್ಚಾಗಿ ಒಂದೇ ಮಾತ್ರೆಯಲ್ಲಿ ಬರುವುದರಿಂದ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗದು; ಆ ದಿನ ಮಾತ್ರೆಯನ್ನೇ ತಡೆಯಬೇಕು. ಆದ್ದರಿಂದ ಫೋನಿನಲ್ಲಿ ಮಾತ್ರೆಯ ಬಣ್ಣ ಕೇಳಬೇಡಿ. ಸ್ಟ್ರಿಪ್ಪಿನ ಹಿಂದೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರನ್ನು ಓದಿಸಿ, ಆಗದಿದ್ದರೆ ಫೋಟೋ ತೆಗೆದು ಕಳಿಸಲು ಹೇಳಿ. ಟೆಲ್ಮಿಸಾರ್ಟನ್, ರಾಮಿಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆ ಇವೂ ನೀರು ಬತ್ತಿದ ದೇಹದ ಮೂತ್ರಪಿಂಡಕ್ಕೆ ಭಾರ. ವಾಂತಿ ನಿಂತು ಎಂದಿನಂತೆ ಉಂಡು ಕುಡಿಯುವ ತನಕ ತಡೆಯುವುದು ವಾಡಿಕೆ. ಹೃದಯ ಸೋತವರಿಗೆ ಮಾತ್ರ ಈ ನಿರ್ಧಾರವನ್ನು ಅವರ ಡಾಕ್ಟರೇ ಮಾಡಬೇಕು. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಡೈಕ್ಲೋಫಿನಾಕ್‌ನಂಥ ನೋವಿನ ಇಂಜೆಕ್ಷನ್ ಆ ದಿನ ಬೇಡ.

ಆ ತಾಯಿ ಐದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ಡಪಾಗ್ಲಿಫ್ಲೋಜಿನ್ ಮತ್ತೆ ಶುರುಮಾಡಲಿಲ್ಲ. ಹೋಗುವ ಮುಂಚೆ ಅದೇ ಸಿಸ್ಟರ್ ಒಂದು ಹಾಳೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಏನು ನಿಲ್ಲಿಸಬೇಕು, ಏನು ಬಿಡಬಾರದು, ಯಾವಾಗ ಹೊರಡಬೇಕು ಎಂದು ಬರೆದು ಸೊಸೆಯ ಕೈಗೆ ಕೊಟ್ಟರು. ಅದು ಅವರ ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಕೊಂಡಿತು. ಮರುವರ್ಷ ಮಳೆಗಾಲದಲ್ಲಿ ಆಕೆಗೆ ಮತ್ತೆ ಜ್ವರ ಬಂತು. ಆ ರಾತ್ರಿ ನಡೆದದ್ದನ್ನು ಹೊತ್ತುಹೊತ್ತಿಗೆ ಹೇಳುತ್ತೇನೆ, ಏಕೆಂದರೆ ನಿಮ್ಮ ಫೋನ್ ಕರೆಯೂ ಹೀಗೇ ನಡೆಯಬೇಕು.

ಮಂಗಳವಾರ ಸಂಜೆ ಏಳು ಗಂಟೆ. ಜ್ವರ 101, ಎರಡು ವಾಂತಿ, ಸಕ್ಕರೆ 212. ಸೊಸೆ ಹಾಳೆ ನೋಡಿ ರಾತ್ರಿಯ ಜೋಡಿ ಮಾತ್ರೆ ತಡೆದು ನಮಗೆ ಫೋನ್ ಮಾಡಿದರು. ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ ಮನೆಯಲ್ಲೇ ಇತ್ತು. ಬಣ್ಣ ಬದಲಾಗಲಿಲ್ಲ. ವಾಂತಿಯಾದ ಮೇಲೆ ಹದಿನೈದು ನಿಮಿಷ ಬಿಟ್ಟು ಎರಡೆರಡು ಚಮಚ, ಆಮೇಲೆ ಗುಟುಕು ಗುಟುಕಾಗಿ ಗಂಟೆಗೆ ಒಂದು ಲೋಟದಷ್ಟು ಓಆರ್‌ಎಸ್ ಕೊಡಲು ಹೇಳಿದೆವು. "ಅದರಲ್ಲಿ ಸಕ್ಕರೆ ಇದೆಯಲ್ಲ ಮೇಡಂ?" ಎಂದು ಸೊಸೆ ಕೇಳಿದರು. ಎಲ್ಲರೂ ಕೇಳುವ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಪುಡಿಯನ್ನು ಒಂದು ಲೀಟರಿಗೆ ಬೆರೆಸಿದರೆ ಗ್ಲೂಕೋಸ್ ಇರುವುದು 13.5 ಗ್ರಾಂ. 200 ಮಿಲಿಲೀಟರಿನ ಲೋಟಕ್ಕೆ ಮೂರು ಗ್ರಾಂ ಕೂಡ ಬರುವುದಿಲ್ಲ. ಉಪ್ಪು, ನೀರು ಕರುಳಿನಿಂದ ಒಳಹೋಗಲು ಅಷ್ಟು ಗ್ಲೂಕೋಸ್ ಬೇಕೇ ಬೇಕು. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿಗೆ ಪೂರ್ತಿ ಪುಡಿ ಬೆರೆಸಬೇಕು. ಜ್ಯೂಸಿನ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ಅದಕ್ಕೆ ಬದಲಿಯಲ್ಲ.

ರಾತ್ರಿ ಹತ್ತಕ್ಕೆ ಸಕ್ಕರೆ 238. ಗ್ಲಾರ್ಜಿನ್ ಎಂದಿನಂತೆ ಹದಿನಾರು ಯೂನಿಟ್. ಅತ್ತೆಗೆ ಭಯ, "ಹೊಟ್ಟೇಲಿ ಏನೂ ಇಲ್ಲ ಕಣೇ" ಎಂದರಂತೆ. ಸೊಸೆ ಹಾಳೆ ತೋರಿಸಿ ಹಾಕಿದರು. ಬೆಳಗಿನ ಗ್ಲಿಮೆಪಿರೈಡ್ ಇನ್ನೂ ದೇಹದಲ್ಲಿದ್ದದ್ದರಿಂದ ರಾತ್ರಿ ಎರಡಕ್ಕೆ ಅಲಾರಾಂ ಇಟ್ಟು ಮತ್ತೆ ನೋಡಲು ಹೇಳಿದ್ದೆವು. ನಾಲ್ಕು ಗಂಟೆಗೊಮ್ಮೆ ನೋಡುವುದೆಂದರೆ ರಾತ್ರಿಯೂ ಸೇರಿ. ಎರಡಕ್ಕೆ 224. ಅದು 70ರ ಕೆಳಗಿದ್ದಿದ್ದರೆ ಮೂರು ಚಮಚ ಗ್ಲೂಕೋಸ್ ಪುಡಿಯನ್ನು ನೀರಲ್ಲಿ ಕೊಟ್ಟು, ಹದಿನೈದು ನಿಮಿಷಕ್ಕೆ ಮತ್ತೆ ನೋಡಬೇಕಿತ್ತು. ವಾಂತಿಯಾಗುತ್ತಿದ್ದರೆ ಅಲ್ಲಿಂದಲೇ ಆಸ್ಪತ್ರೆಗೆ ಹೊರಡಬೇಕಿತ್ತು, ಏಕೆಂದರೆ ಗ್ಲಿಮೆಪಿರೈಡ್‌ನಿಂದ ಕುಸಿದ ಸಕ್ಕರೆ ಏರಿಸಿದ ಮೇಲೂ ಮತ್ತೆ ಕುಸಿಯಬಹುದು.

ಬುಧವಾರ ಬೆಳಿಗ್ಗೆ ಆರಕ್ಕೆ 174. ಮೂತ್ರ ಸರಿಯಾಗಿ ಹೋಗುತ್ತಿತ್ತು, ಕೀಟೋನ್ ಇಲ್ಲ, ವಾಂತಿ ನಿಂತಿತ್ತು. ಬಿಪಿ ಮಾತ್ರೆ ತಡೆದರು. ತೆಳು ಗಂಜಿ, ಉಪ್ಪು ಹಾಕಿದ ಮಜ್ಜಿಗೆ ಹೋಯಿತು. ಮಧ್ಯಾಹ್ನ 156. ನೆಂಟರೊಬ್ಬರು ಸುಸ್ತಿಗೆ ಗ್ಲೂಕೋಸ್ ಬಾಟಲಿ ಹಾಕಿಸಿಕೊಂಡು ಬರೋಣ ಎಂದರಂತೆ. ನೀರು ಬತ್ತಿದವರಿಗೆ ಮೊದಲು ಬೇಕಾಗುವುದು ಉಪ್ಪುನೀರಿನ ಡ್ರಿಪ್. ಗ್ಲೂಕೋಸ್ ಡ್ರಿಪ್ ಕೊಡುವುದಿದ್ದರೂ ಅದು ಇನ್ಸುಲಿನ್ ಜೊತೆಗೆ, ಕಾರಣವಿದ್ದು ಕೊಡುವಂಥದ್ದು. ಬಾಯಿಂದಲೇ ಕುಡಿಯುತ್ತಿದ್ದ ಆಕೆಗೆ ಎರಡೂ ಬೇಕಾಗಿರಲಿಲ್ಲ.

ಎಲ್ಲ ರಾತ್ರಿಗಳೂ ಇಷ್ಟು ಸುಲಭವಾಗಿ ಬೆಳಗಾಗುವುದಿಲ್ಲ. ನಾಲ್ಕಾರು ಗಂಟೆ ಒಂದು ಗುಟುಕೂ ನಿಲ್ಲದಿದ್ದರೆ, ಎರಡು ಸಲ ನೋಡಿದರೂ ಸಕ್ಕರೆ 300ರ ಮೇಲಿದ್ದರೆ, ಮೂತ್ರದ ಪಟ್ಟಿಯಲ್ಲಿ ಕೀಟೋನ್ ಎರಡು ಪ್ಲಸ್ ಬಂದರೆ, ಮಂಪರು ಕವಿದರೆ, ಉಸಿರು ಆಳವಾದರೆ, ಮೂತ್ರ ನಿಂತರೆ ಮತ್ತೊಮ್ಮೆ ಫೋನ್ ಮಾಡಿ ಎನ್ನಬೇಡಿ, ಗಾಡಿ ಮಾಡಿ ಹೊರಡಿ ಎನ್ನಿ. ಟೈಪ್ ಒನ್ ಇರುವ ಮಗುವಿಗೆ, ಗರ್ಭಿಣಿಗೆ, ಮೂತ್ರಪಿಂಡದ ಕಾಯಿಲೆಯವರಿಗೆ ಇಷ್ಟರ ತನಕವೂ ಕಾಯುವಂತಿಲ್ಲ. ಟೈಪ್ ಒನ್‌ನಲ್ಲಿ ಎರಡು ಗಂಟೆಗೊಮ್ಮೆ ನೋಡಬೇಕು. ಕೀಟೋನ್ ಕಂಡರೆ ದಿನದ ಇನ್ಸುಲಿನ್ ಸಾಲದೆ ಹೆಚ್ಚುವರಿಯೂ ಬೇಕಾಗುತ್ತದೆ, ಅದನ್ನು ಡಾಕ್ಟರು ಲೆಕ್ಕ ಹಾಕಿ ಹೇಳಬೇಕು.

ಬುಧವಾರ ಸಂಜೆ ಸೊಸೆ ಮತ್ತೆ ಫೋನ್ ಮಾಡಿದರು. ನಿಲ್ಲಿಸಿದ ಮಾತ್ರೆಗಳನ್ನು ಯಾವಾಗ ಶುರುಮಾಡುವುದು? ಇದನ್ನು ಕೇಳುವವರು ಕಡಿಮೆ. ಕೇಳದೆ ತಿಂಗಳುಗಟ್ಟಲೆ ಬಿಪಿ ಮಾತ್ರೆ ಬಿಟ್ಟವರನ್ನು ಕಂಡಿದ್ದೇನೆ. ಎಂದಿನಂತೆ ಉಂಡು ಕುಡಿದು ಒಂದೆರಡು ದಿನ ಕಳೆಯಲಿ ಎಂದೆವು. ಗುರುವಾರ ಮೂರು ಹೊತ್ತೂ ಊಟ ಸೇರಿತು. ಶುಕ್ರವಾರ ಬೆಳಿಗ್ಗೆ ಸಕ್ಕರೆ 148, ಬಿಪಿ 136/84. ಮುದ್ದೆ ಉಣ್ಣುವ ಮನಸ್ಸಾಗಿದೆ ಎಂದು ಅತ್ತೆ ಹೇಳಿದರಂತೆ. ಅಂದಿನಿಂದ ಎರಡೂ ಮಾತ್ರೆ ಮತ್ತೆ ಶುರುವಾದವು.