ಎಳೆಕೂಸಿನ ಕಾಮಾಲೆ ಮತ್ತು ಬೆಳಕು



ದೊಡ್ಮನೆ, ಸಿದ್ದಾಪುರ, ಶಿರಸಿ, ಯಲ್ಲಾಪುರದ ಮನೆಗಳಲ್ಲಿ ಕೂಸಿನ ಮೈ ಅರಿಶಿನ ಬಣ್ಣಕ್ಕೆ ತಿರುಗಿದರೆ ಹಿರಿಯರು ಹೇಳುವುದುಂಟು: "ಎಳೆ ಬಿಸಿಲಿಗೆ ಹಿಡಿಯಿರಿ." ಆಷಾಢದಲ್ಲಿ ಹುಟ್ಟಿದ ಕೂಸಿಗೆ ಮಲೆನಾಡಿನಲ್ಲಿ ಬಿಸಿಲು ಎಲ್ಲಿಂದ ತರುವುದು, ಅದು ಬೇರೆ ಮಾತು. ಆದರೆ ಬೆಳಕಿಗೂ ಕಾಮಾಲೆಗೂ ನಂಟಿರುವುದು ನಿಜ. ವೈದ್ಯಲೋಕಕ್ಕೆ ಅದನ್ನು ತೋರಿಸಿಕೊಟ್ಟವರು ಒಬ್ಬ ನರ್ಸ್.

1956ರ ಬೇಸಿಗೆ. ಇಂಗ್ಲೆಂಡಿನ ರೋಚ್‌ಫರ್ಡ್ ಆಸ್ಪತ್ರೆಯಲ್ಲಿ ಸಿಸ್ಟರ್ ವಾರ್ಡ್ ಅವಧಿಗೆ ಮುನ್ನ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಕೂಸಿನ ಮೈಯೆಲ್ಲ ತಿಳಿಯಾಗಿತ್ತು. ಬಟ್ಟೆಯ ತುದಿ ಮುಚ್ಚಿದ್ದ ತ್ರಿಕೋನದಷ್ಟು ಜಾಗ ಮಾತ್ರ ಗಾಢ ಹಳದಿ. ಮುಂದೆ ಕಿಟಕಿಯ ಬಿಸಿಲಲ್ಲಿ ಉಳಿದುಹೋದ ರಕ್ತದ ನಳಿಕೆಯಲ್ಲೂ ಮೈಯನ್ನು ಹಳದಿ ಮಾಡುವ ಬಿಲಿರುಬಿನ್ ಇಳಿದದ್ದು ಕಂಡಿತು. ಅದೇ ಆಸ್ಪತ್ರೆಯ ಡಾಕ್ಟರ್ ಕ್ರೆಮರ್ ಮತ್ತು ಸಂಗಡಿಗರು ದೀಪದ ತೊಟ್ಟಿಲು ಮಾಡಿ, 1958ರಲ್ಲಿ ವರದಿ ಪ್ರಕಟಿಸಿದರು.

ಬಿಲಿರುಬಿನ್ ಬರುವುದು ಹಳೆಯ ಕೆಂಪು ರಕ್ತಕಣಗಳಿಂದ. ನಮ್ಮ ಕಣ 120 ದಿನ ಬಾಳಿದರೆ ಕೂಸಿನದು ಸುಮಾರು 80 ದಿನ. ಹಾಗಾಗಿ ಮೂರು ಕಿಲೋ ಕೂಸು ದಿನಕ್ಕೆ ಇಪ್ಪತ್ತು ಮಿಲಿಗ್ರಾಮಿನ ಮೇಲೆಯೇ ಬಿಲಿರುಬಿನ್ ತಯಾರಿಸುತ್ತದೆ. ಅದು ನೀರಿನಲ್ಲಿ ಕರಗದು. ಯಕೃತ್ತಿನ ಒಂದು ಕಿಣ್ವ ಅದನ್ನು ಕರಗುವಂತೆ ಮಾಡಿದರೆ ಪಿತ್ತದ ಜೊತೆ ಕರುಳಿಗೆ ಇಳಿದು ಮಲದಲ್ಲಿ ಹೋಗಬೇಕು. ಹುಟ್ಟುವಾಗ ಆ ಕಿಣ್ವಕ್ಕೆ ಬಲವೇ ಇಲ್ಲ. ಹಾಲು ಸಾಲದೆ ಮಲ ತಡವಾದರೆ ಬಿಲಿರುಬಿನ್ ಕರುಳಿಂದ ಮತ್ತೆ ರಕ್ತಕ್ಕೆ ಮರಳುತ್ತದೆ. ನೀಲಿ ಬೆಳಕು ಬಿಲಿರುಬಿನ್ನಿನ ಆಕಾರವನ್ನೇ ಬದಲಿಸಿ, ಯಕೃತ್ತಿನ ಕೆಲಸಕ್ಕೆ ಕಾಯದೆ ಹೊರಹೋಗುವಂತೆ ಮಾಡುತ್ತದೆ.

ರಕ್ತದಲ್ಲಿ ಬಿಲಿರುಬಿನ್ನನ್ನು ಅಲ್ಬುಮಿನ್ ಹಿಡಿದಿಟ್ಟುಕೊಂಡಿರುತ್ತದೆ. ಹಿಡಿತ ತಪ್ಪಿ ಉಳಿದದ್ದು ಮಿದುಳಿಗೆ ನುಗ್ಗುತ್ತದೆ. ಜರ್ಮನಿಯ ಶ್ಮೋರ್ಲ್, ಮಡಿದ ಕೂಸುಗಳ ಮಿದುಳಿನ ಆಳದ ಕೇಂದ್ರಗಳು ಹಳದಿಯಾಗಿದ್ದನ್ನು ವಿವರಿಸಿ ಕರ್ನಿಕ್ಟೆರಸ್ ಎಂದು ಹೆಸರಿಟ್ಟದ್ದು 1904ರ ಸುಮಾರಿಗೆ. ಬದುಕಿ ಉಳಿದವರಿಗೂ ಕಿವುಡು, ಹತೋಟಿಯಿಲ್ಲದ ಅಂಗಾಂಗ ಚಲನೆ ಉಳಿಯಬಹುದು.

ಎಷ್ಟಾದರೆ ಅಪಾಯ? ಕೂಸಿನ ವಯಸ್ಸನ್ನು ಗಂಟೆಗಳಲ್ಲಿ ಲೆಕ್ಕ ಹಾಕಿಯೇ ಹೇಳಬೇಕು. ತಿಂಗಳು ತುಂಬಿದ, ಚೆನ್ನಾಗಿ ಹಾಲು ಕುಡಿಯುವ ಕೂಸಿಗೆ ನಾಲ್ಕನೇ ದಿನ ರಕ್ತದ ಬಿಲಿರುಬಿನ್ ಡೆಸಿಲೀಟರಿಗೆ 12 ಮಿಲಿಗ್ರಾಂ ಬಂದರೆ ಸಾಮಾನ್ಯವಾಗಿ ಬರೀ ನಿಗಾ ಸಾಕು. ತಾಯಿ ಓ ಗುಂಪು, ಕೂಸು ಎ ಗುಂಪು, ಹುಟ್ಟಿ ಇಪ್ಪತ್ತೇ ಗಂಟೆ, ಆಗಲೂ 12 ಎನ್ನಿ: ತಾಯಿಯ ಪ್ರತಿಕಾಯಗಳು ಕಣ ಒಡೆಯುತ್ತಿರಬಹುದು, ಅಂಕಿ ಗಂಟೆಗಂಟೆಗೂ ಏರೀತು. ಕೂಡಲೇ ದೀಪ ಬೇಕು. 25ರ ಹತ್ತಿರ ಬಂದರೆ ರಕ್ತ ಬದಲಾಯಿಸುವ ಮಾತು. ಅವಧಿಗೆ ಮುನ್ನ ಹುಟ್ಟಿದವಕ್ಕೆ ಈ ಗೆರೆಗಳೆಲ್ಲ ಇನ್ನೂ ಕೆಳಗೆ.

ಬಾಣಂತಿ ಕೋಣೆಯ ಮಬ್ಬಿನಲ್ಲಿ ಹಳದಿ ಕಾಣುವುದಿಲ್ಲ. ಹಗಲು ಕಿಟಕಿಯ ಬಳಿ ತಂದು ಹಣೆ, ಎದೆ, ಪಾದ ಒತ್ತಿ ನೋಡಿ. ಮೊದಲ 24 ಗಂಟೆಯಲ್ಲೇ ಹಳದಿಯಾದರೆ, ಪಾದದವರೆಗೆ ಇಳಿದರೆ, ಕೂಸು ಹಾಲು ಬಿಟ್ಟು ಮಂಕಾದರೆ ಬಿಸಿಲಿಗಾಗಿ ಕಾಯಬೇಡಿ. ಅದೇ ದಿನ ಆಸ್ಪತ್ರೆಗೆ ಒಯ್ಯಿರಿ.