ಕಣ್ಣು ಮುಚ್ಕೊಂಡು ಒಂದು ಅಕ್ಕಿ ರೊಟ್ಟಿ ರೀಲ್

ಇವತ್ತು ಒಂದೇ ಒಂದು ರೀಲ್ ಇಟ್ಕೊಂಡು ಮಾತಾಡ್ತೀನಿ. ಅಕ್ಕಿ ರೊಟ್ಟಿ ಮಾಡೋ ರೀಲ್ ಅಂದ್ಕೊಳ್ಳಿ, 40 ಸೆಕೆಂಡ್ ಇದೆ. ಮಾತಿಲ್ಲ, ಬರೀ ಹಾಡು. ಅಳತೆಗಳು ಪರದೆ ಮೇಲೆ ಅಕ್ಷರದಲ್ಲಿ ಬಂದು ಹೋಗುತ್ತವೆ. ಕೆಳಗೆ ‘ಕೊನೆವರೆಗೂ ನೋಡಿ’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾರೆ, ಜೊತೆಗೆ ಐದು ನಗುವ ಇಮೋಜಿ.

ಇದನ್ನ ಕಣ್ಣು ಕಾಣದ ಒಬ್ಬರು ಫೋನಿನ ಸ್ಕ್ರೀನ್ ರೀಡರ್‌ನಲ್ಲಿ ತೆರೆದರೆ ಏನು ಸಿಗುತ್ತೆ? ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಈ ಕೆಲಸ ಮಾಡುತ್ತವೆ. ವಿಡಿಯೊ ಒಳಗಿನ ಅಕ್ಷರ ಅವುಗಳಿಗೆ ಅಕ್ಷರವಲ್ಲ, ಚಿತ್ರದ ಭಾಗ. ಹಾಗಾಗಿ ಅಳತೆ ಸಾಮಾನ್ಯವಾಗಿ ಓದಲ್ಲ. ಇಂಗ್ಲಿಷ್ ಅಕ್ಷರದ ಕನ್ನಡವನ್ನ ಇಂಗ್ಲಿಷ್ ಧ್ವನಿ ತನಗೆ ತೋಚಿದ ಹಾಗೆ ಉಚ್ಚರಿಸುತ್ತೆ. ಇಮೋಜಿಗಳ ಹೆಸರನ್ನ ಮಾತ್ರ ಚೆನ್ನಾಗಿ ಹೇಳುತ್ತೆ! ಒಟ್ಟಲ್ಲಿ ಹಾಡು ಕೇಳಿಸ್ತು, ರೊಟ್ಟಿ ಸಿಗಲಿಲ್ಲ.

ನಾನು ವಿವರಣೆ ಬರೆಯೋ ಮುಂಚೆ ಕಣ್ಣು ಮುಚ್ಚಿ ವಿಡಿಯೊ ಕೇಳ್ತೀನಿ. ಕಿವಿಗೆ ಸಿಕ್ಕಿದ್ದನ್ನ ಬಿಟ್ಟು ಉಳಿದದ್ದನ್ನ ಬರೀತೀನಿ. ಉಳಿದದ್ದೆಲ್ಲ ಅಲ್ಲ ಮತ್ತೆ. ಅಡುಗೆಮನೆಯ ಟೈಲ್ಸ್ ಬಣ್ಣ ಯಾರಿಗೆ ಬೇಕು? ಮಾಡೋದಕ್ಕೆ ಬೇಕಾದದ್ದು ಸಾಕು. ಈ ರೀಲ್‌ಗೆ ನಾನಾದ್ರೆ ಹೀಗೆ ಬರೀತಿದ್ದೆ:

“ಅಕ್ಕಿ ರೊಟ್ಟಿ ಮಾಡುವ ವಿಡಿಯೊ, ಮಾತಿಲ್ಲ, ಹಾಡು ಮಾತ್ರ. 2 ಕಪ್ ಅಕ್ಕಿ ಹಿಟ್ಟಿಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು, ಉಪ್ಪು ಹಾಕಿ, ನೀರು ಸೇರಿಸಿ ಮೆತ್ತಗೆ ಕಲಸುತ್ತಾರೆ. ಒಲೆ ಮೇಲಿಡದ, ತಣ್ಣಗಿರುವ ತವಾಕ್ಕೆ ಎಣ್ಣೆ ಸವರಿ, ಹಿಟ್ಟನ್ನು ಕೈಯಿಂದ ತೆಳ್ಳಗೆ ತಟ್ಟಿ, ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಡುತ್ತಾರೆ. ಆಮೇಲೆ ಒಲೆ ಮೇಲಿಟ್ಟು ಮುಚ್ಚಿ ಬೇಯಿಸುತ್ತಾರೆ. ಎರಡನೇ ರೊಟ್ಟಿಗೆ ಮುಂಚೆ ತವಾವನ್ನು ನೀರಿನಡಿ ಹಿಡಿದು ಆರಿಸುತ್ತಾರೆ.”

‘ತಣ್ಣಗಿರುವ ತವಾ’ ಅನ್ನೋದನ್ನ ಗಮನಿಸಿ. ನೋಡೋರಿಗೆ ಅದು ಹೇಳದೇ ಗೊತ್ತಾಗುತ್ತೆ, ತವಾ ಕಟ್ಟೆ ಮೇಲಿದೆ. ವಿವರಣೆಯಲ್ಲಿ ‘ತವಾ ಮೇಲೆ ತಟ್ಟಿ’ ಅಂತಷ್ಟೇ ಇದ್ರೆ, ಹೊಸಬರು ಕಾದ ತವಾಕ್ಕೆ ಕೈ ಇಡಬಹುದು. ಎರಡನೇ ರೊಟ್ಟಿ ಹೊತ್ತಿಗಂತೂ ತವಾ ಕಾದೇ ಇರುತ್ತಲ್ಲ!

ಮೊದಲ ವಾಕ್ಯದಲ್ಲೇ ಇದು ಏನಂತ ಹೇಳಿಬಿಡಿ. ಉದ್ದದ ವಿವರಣೆಯನ್ನ ಆ್ಯಪ್‌ಗಳು ಮಡಚಿಡುತ್ತವೆ, ಉಳಿದದ್ದು ಬೇಕಾ ಅಂತ ಕೇಳುಗರು ಅಲ್ಲೇ ತೀರ್ಮಾನಿಸ್ತಾರೆ. ಕನ್ನಡವನ್ನ ಕನ್ನಡ ಲಿಪಿಯಲ್ಲೇ ಬರೀರಿ, ಆಗ ಫೋನಿನಲ್ಲಿ ಕನ್ನಡ ಧ್ವನಿ ಇದ್ದವರಿಗೆ ಸರಿಯಾಗಿ ಕೇಳಿಸುತ್ತೆ. ಇಮೋಜಿ ಬೇಕೇ ಬೇಕಂದ್ರೆ ಕೊನೆಯಲ್ಲಿ ಒಂದು. ಅಲಂಕಾರದ ದಪ್ಪ, ವಾಲಿದ ಇಂಗ್ಲಿಷ್ ಅಕ್ಷರ ಮಾತ್ರ ಬೇಡ. ಅವು ಬೇರೆಯೇ ಯೂನಿಕೋಡ್ ಚಿಹ್ನೆಗಳು, ಎಷ್ಟೋ ಸಲ ಓದೋದೇ ಇಲ್ಲ.

ಇಷ್ಟೆಲ್ಲ ಬರೆದರೂ ಯಾವ ಕ್ಷಣದಲ್ಲಿ ಏನಾಗ್ತಿದೆ ಅಂತ ಬರಹ ಹೇಳಲ್ಲ. ಅದಕ್ಕೆ ದನಿಯೇ ಬೇಕು. ಮುಂದಿನ ರೀಲ್‌ನಲ್ಲಿ ಹಾಡಿನ ಸದ್ದು ಸ್ವಲ್ಪ ತಗ್ಗಿಸಿ, ತಟ್ಟೋವಾಗ “ತವಾ ಇನ್ನೂ ಒಲೆ ಮೇಲಿಟ್ಟಿಲ್ಲ” ಅಂತ ನೀವೇ ಬಾಯಿಬಿಟ್ಟು ಹೇಳಿ. ಎರಡು ಸೆಕೆಂಡ್ ಸಾಕು.